ಮೆಟ್ಟು ನೋಡಿ ತೆಗೆದ ಸೀರೆ

ಮಂಡ್ಯದ ಆ ಸೀರೆ ಅಂಗಡಿಯ ಗೋಡೆಯ ಮೇಲೆ ದಪ್ಪ ಬಂಗಾರದ ಅಕ್ಷರಗಳಲ್ಲಿ ಬರೆದಿದೆ: 'ಬಂದವರೆಲ್ಲ ನಮ್ಮ ನೆಂಟರು.' ಬೆಂಗಳೂರಿನಿಂದ ಬಂದ ಜಾಹೀರಾತಿನವರು ಕಾಫಿಯ ಮೇಲೆ ಕಾಫಿ ಕುಡಿದು 'ಪರಂಪರೆಯ ಪಯಣ' ಅಂತ ಏನೋ ಒದರಿದ್ದರು. ಮಾಲೀಕರಿಗೆ ಅದು ತಲೆಗೆ ಹತ್ತಲಿಲ್ಲ. ಹೊಸಬರಿಗೆ ತರಬೇತಿ ಕೊಡುವ ಅರುಂಧತಿ ಹೇಳಿದ ಈ ಮಾತೇ ಅವರಿಗೆ ಹಿಡಿಸಿತು.

ಅವಳಿಗೆ ಅದು ಬರೀ ಬೋರ್ಡಿನ ಮಾತಲ್ಲ. ಚಿಕ್ಕವಳಿದ್ದಾಗ ಅವ್ವ ಪಟ್ಟಲಮ್ಮನ ಕೈ ಹಿಡಿದು ಬೇರೊಂದು ಅಂಗಡಿಗೆ ಹೋಗಿದ್ದಳು. "ಅಲ್ಲಿಂದ್ಲೇ ನೋಡಮ್ಮ, ಮುಟ್ಬೇಡ" ಅಂದಿದ್ದ ಅಲ್ಲಿಯವನು. ಅವತ್ತಿನಿಂದ ಪಟ್ಟಲಮ್ಮ ಸೀರೆ ಅಂಗಡಿಯ ಮೆಟ್ಟಿಲು ಹತ್ತಿದವಳಲ್ಲ. ಏನಿದ್ದರೂ ಕಿರುಗಾವಲಿನ ಸಂತೆಯಲ್ಲೇ. ಅವ್ವ ಒಂದು ದಿನ ಮಗಳು ಕೆಲಸ ಮಾಡುವ ಅಂಗಡಿಯ ಗಾದಿಯ ಮೇಲೆ ಕಾಲು ಚಾಚಿ ಕೂತು, ಬೇಕಾದಷ್ಟು ಸೀರೆ ಬಿಚ್ಚಿಸಿ ನೋಡಬೇಕು. ಅರುಂಧತಿಯ ಆಸೆ ಇಷ್ಟೇ. "ಬಾರವ್ವ, ನನ್ನ ಹೆಸರು ಕೂಡ ಹೇಳ್ಬೇಡ. ನಮ್ಮಲ್ಲಿ ಯಾರು ಬಂದ್ರೂ ಒಂದೇ" ಅಂತ ಜಂಬದಿಂದ ಹೇಳಿಯೂ ಬಂದಿದ್ದಳು.

ಹೊಸಬರಿಗೆ ಮೊದಲ ವಾರ ಮಹಡಿಯ ಮೇಲೆ ಪಾಠ. ಅಂಗಡಿ ಹುಟ್ಟಿದ ಕಥೆ, ನಮಸ್ಕಾರ ಹೇಳುವ ಬಗೆ, ಗಿರಾಕಿ ಏನೂ ಕೊಳ್ಳದೆ ಎದ್ದರೂ ಮುಖ ಸಿಂಡರಿಸದೆ ಬಾಗಿಲ ತನಕ ಕಳಿಸಿಕೊಡುವುದು. ಒಬ್ಬರು ಗಿರಾಕಿಯಾಗಿ ಇನ್ನೊಬ್ಬರು ಸೀರೆ ತೋರಿಸುತ್ತಾ ಆಡಿ ಕಲಿಯುವುದೂ ಉಂಟು. ಈ ಸಲದ ಗುಂಪಿನಲ್ಲಿ ಮದ್ದೂರಿನ ಚಂದನ ಎಲ್ಲರಿಗಿಂತ ಚುರುಕು. 'ಬಂದವರೆಲ್ಲ ನಮ್ಮ ನೆಂಟರು' ಅಂತ ಅವಳು ಹೇಳಿದರೆ ಅರುಂಧತಿಗೇ ಕಣ್ಣು ತುಂಬುತ್ತಿತ್ತು.

ಎರಡನೇ ವಾರ ಕೆಳಗಿಳಿದು ಹಳಬಳಾದ ಶೋಭಿತಾಳ ಪಕ್ಕ ನಿಂತು ನೋಡಿ ಕಲಿಯಬೇಕು. ನೆಂಟಸ್ತಿಕೆ ಮಣ್ಣುಪಾಲಾಗುತ್ತಿದ್ದದ್ದು ಅಲ್ಲೇ. ಮ್ಯಾನೇಜರ್ ಸಂತೋಷ್ ಮಹಾಶಯ ದಿನಾ ಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಗೋಡೆಯ ಅಕ್ಷರಗಳಿಗೆ ಬೆನ್ನು ಹಾಕಿ, ಯಾರ ಗಿರಾಕಿ ಬರಿಗೈಲಿ ಹೋದರೋ ಅವರ ಮಾನ ಹರಾಜು ಹಾಕುತ್ತಿದ್ದ. "ಬಿಚ್ಚಿದ ಸೀರೆ ಮಡಿಸೋಕೆ ಅಲ್ಲ ನಿಮ್ಗೆ ಸಂಬ್ಳ ಕೊಡೋದು!" ಬೈಗುಳ ತಪ್ಪಿಸಿಕೊಳ್ಳಲು ಶೋಭಿತಾ ಒಂದು ಉಪಾಯ ಕಂಡುಕೊಂಡಿದ್ದಳು. ಗಾದಿ ಹತ್ತುವ ಮುಂಚೆ ಗಿರಾಕಿ ಮೆಟ್ಟು ಬಿಡುತ್ತಾರಲ್ಲ, ಮುಖ ನೋಡಬೇಡ, ಅದನ್ನ ನೋಡು. ಹವಾಯಿ ಚಪ್ಪಲಿಯಾದರೆ ಕೆಳಗಿನ ಅರೆಯಿಂದ ಅಗ್ಗದವು ಎರಡು ತೆಗೆದು, ಒಂದನ್ನು ಕೊಳ್ಳಿಸಿ ಬೇಗ ಸಾಗಹಾಕು. ಅರುಂಧತಿ ಸಂತೋಷನ ಹತ್ತಿರ ಈ ಬೆಳಗಿನ ಬೈಗುಳದ ವಿಚಾರ ಎತ್ತಿದ್ದಳು. "ನೀವು ಮೇಲೆ ಪಾಠ ಮಾಡಿ ಮೇಡಂ, ವ್ಯಾಪಾರ ನಾನು ನೋಡ್ಕೋತೀನಿ" ಅಂದು ಹಲ್ಲು ಕಿರಿದಿದ್ದ ಪುಣ್ಯಾತ್ಮ.

ಅದು ಚಂದನಳನ್ನು ಒಬ್ಬಳನ್ನೇ ಗಿರಾಕಿಯ ಮುಂದೆ ನಿಲ್ಲಿಸಿ ನೋಡುವ ವಾರ. ಅವಳು ಸಿದ್ಧಳಾಗಿದ್ದಾಳೆಯೇ ಅಂತ ಅರುಂಧತಿ ಹೇಳಬೇಕಿತ್ತು. ಅದಕ್ಕೆಂದು ಅರುಂಧತಿ ಮಹಡಿಯಿಂದ ಇಳಿಯುವಾಗ ಕಂಡದ್ದು ಗಾದಿಯ ತುದಿಯಲ್ಲಿ ಮುದುಡಿ ಕೂತ ಪಟ್ಟಲಮ್ಮ. ಊರಲ್ಲಿ ಯಾರದೋ ಮದುವೆಗೆ ಸೀರೆ ಬೇಕಾಗಿ ಹೇಳದೆ ಕೇಳದೆ ಬಸ್ಸು ಹತ್ತಿ ಬಂದಿದ್ದಳು. ಮಗಳ ಹೆಸರನ್ನೂ ಹೇಳಿರಲಿಲ್ಲ. ಕೆಳಗೆ ಸವೆದ ಹವಾಯಿ ಚಪ್ಪಲಿ.

"ಆ ಅಸ್ರುದು ತಗಿಯವ್ವ, ನೋಡ್ತೀನಿ" ಅಂದಳು ಪಟ್ಟಲಮ್ಮ, ಮೇಲಿನ ಅರೆಯ ಹಸಿರು ಸೀರೆಯತ್ತ ಬೆರಳು ಮಾಡಿ.

"ಅದು ನಿಮ್ಗಾಗಲ್ಲ ಕಣಮ್ಮ" ಅಂದಳು ಚಂದನ, ಮುಖದ ತುಂಬ ನಗು. ಆ ನಗುವನ್ನು ಕಲಿಸಿದವಳೂ ಅರುಂಧತಿಯೇ. ಕೆಳಗಿನ ಅರೆಯ ಎರಡು ಸೀರೆ ಮುಂದಿಟ್ಟು, "ಇದ್ರಲ್ಲೇ ನೋಡಿ" ಅಂದಳು.

ಅರುಂಧತಿ ಉಳಿದ ಮೆಟ್ಟಿಲು ಓಡಿ ಇಳಿದಳು. "ಚಂದನ, ಇವ್ರು ನಮ್ಮವ್ವ."

ಸಂತೋಷನಿಗೆ ಅದೆಲ್ಲಿಂದ ಭಕ್ತಿ ಬಂತೋ! ಓಡಿಬಂದ, ಕೈ ಮುಗಿದ, ಬಾದಾಮಿ ಹಾಲು ತರಿಸಿದ, ರೇಷ್ಮೆ ಸೀರೆಗಳನ್ನು ತಾನೇ ಎಳೆದೆಳೆದು ಹರಡಿದ. ಚಂದನ ಅಳತೊಡಗಿದಳು.

"ನಾನ್ ಹೇಳ್ಕೊಟ್ಟಿದ್ದು ಇದೇನಾ?" ಅರುಂಧತಿ ಕೇಳಿದಳು.

"ನೀವು ಹೇಳಿದ್ದು ಒಂದ್ ವಾರ ಕೇಳ್ದೆ ಮೇಡಂ. ಇಲ್ಲಿ ದಿನಾ ಕಂಡಿದ್ದು ಇದೇ. ನೀವು ಒಂದಿನಾನೂ ಕೆಳಗೆ ಬಂದು ನಮ್ ಪಕ್ಕ ನಿಲ್ಲಲಿಲ್ಲ."

ಪಟ್ಟಲಮ್ಮ ಹಾಲು ಮುಟ್ಟಲಿಲ್ಲ. ಹಸಿರು ಸೀರೆಯನ್ನು ಒಂದು ಸಲ ಸವರಿ, ಮಡಿಸಿಟ್ಟು, ಎದ್ದು ಚಪ್ಪಲಿ ಮೆಟ್ಟಿದಳು. ಮಗಳು ಬಾಗಿಲ ತನಕ ಹಿಂದೆಯೇ ಹೋದಳು.

"ಆ ಉಡ್ಗೀನ ಬೈಬ್ಯಾಡ ಕಣ್ ಮಗ, ಎಳೇದು. ಯಾರೋ ಅಂಗೆ ಕಲ್ಸವ್ರೆ" ಅಂದಳು ಅವ್ವ, ಹೊಸ್ತಿಲ ಹತ್ತಿರ ನಿಂತು. "ಅದ್ಕೆ ಪಾಠ ಯೋಳ್ಕೊಡೋರು ಯಾರು?"

ಅರುಂಧತಿ ತಲೆ ತಗ್ಗಿಸಿದಳು.

"ನಾನೇ ಕಣವ್ವ."