ಇಪ್ಪತ್ತು ಎಣಿಸುವಷ್ಟು ಹೊತ್ತು

ಭಾರ ಎತ್ತುವ ಕಬ್ಬಿಣದ ಬಾರು ಬೆವರಿನ ಕೈಯಿಂದ ಜಾರಿ ಕುತ್ತಿಗೆಯ ಮೇಲೆ ಬೀಳಬಹುದಿತ್ತು. ಒಂದು ಕಡೆಯ ಕ್ಲಿಪ್ಪು ಸಡಿಲಾಗಿ ತೂಕದ ಪ್ಲೇಟುಗಳು ನೆಲಕ್ಕುರುಳಬಹುದಿತ್ತು. ಎರಡು ಸಲ ಬೆಸುಗೆ ಹಾಕಿಸಿಕೊಂಡಿದ್ದ ಬೆಂಚಿನ ಕಾಲು ಮೂರನೆಯ ಸಲ ಕೈಕೊಡಬಹುದಿತ್ತು. ಮೆಟ್ಟಿಲಿಳಿಯುವಾಗಲೂ ಲಟಕ್ಕೆನ್ನುತ್ತಿದ್ದ ನನ್ನ ಬಲಭುಜ ಅರ್ಧ ದಾರಿಯಲ್ಲಿ ನಿಲ್ಲಬಹುದಿತ್ತು. ಬಾರು ಎದೆಯ ಮೇಲಿರುವಾಗ ನನಗೆ ಸೀನು ಬರಬಹುದಿತ್ತು. ತಲೆಯ ಹಿಂದೆ ನಿಂತ ಮೇಷ್ಟ್ರಿಗೆ ಎದೆನೋವು ಬಂದು, ನೂರು ಕಿಲೋ ಹೊತ್ತ ನಾನು ಮಲಗಿದಲ್ಲೇ ನೋಡುತ್ತಿರಬೇಕಾಗಬಹುದಿತ್ತು. ಇಲ್ಲವೇ ನಾನು ಸೋತಾಗ, ಡಾಕ್ಟರ ಮಾತು ಮರೆತು ಅವರೇ ಬಗ್ಗಿ ಬಾರಿಗೆ ಕೈಹಾಕಬಹುದಿತ್ತು.

ಇವನ್ನೆಲ್ಲ ನಾನು ಕಚೇರಿಯ ರದ್ದಿ ಕಾಗದದ ಹಿಂಬದಿಯಲ್ಲಿ ಬರೆದಿಟ್ಟಿದ್ದೆ. ಒಟ್ಟು ಹದಿನೇಳಿದ್ದವು. ಸೀನು ಒಂಬತ್ತನೆಯದು.

ತೊಂಬತ್ತರ ದಶಕದ ಕೊನೆಯ ಮಾತಿದು. ಕುಂಬಾರಕೊಪ್ಪಲಿನ ಒಂದು ಹಳೆಯ ಗರಡಿಯಲ್ಲಿ ಮಣ್ಣಿನ ಕಣವನ್ನು ಮುಚ್ಚಿ, ಸಿಮೆಂಟು ಹಾಕಿ, ಕಬ್ಬಿಣದ ಸಾಮಾನು ತುಂಬಿದ್ದರು. ನಡೆಸುತ್ತಿದ್ದವರು ಮೇಷ್ಟ್ರು. ಪಾಠ ಹೇಳುವ ಮೇಷ್ಟ್ರಲ್ಲ, ಕಡಕೊಳದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ಪ್ರಾಯದಲ್ಲಿ ರಾಜ್ಯಕ್ಕಾಗಿ ಭಾರ ಎತ್ತಿದ್ದರು. ನಾನು ಮೂವತ್ತು ದಾಟಿದ ಗುಮಾಸ್ತ. ವೇದ ಓದಿದವರ ಮನೆಯಲ್ಲಿ ಹುಟ್ಟಿ ಕಬ್ಬಿಣ ಎತ್ತಲು ಹೊರಟವನು. ಗರಡಿಯಲ್ಲಿ ನನ್ನ ಹೆಸರು ‘ಸಾರನ್ನ’.

ಬೆಂಚ್ ಪ್ರೆಸ್‌ನಲ್ಲಿ, ಎಂದರೆ ಮಲಗಿ ಬಾರನ್ನು ಎದೆಗಿಳಿಸಿ ಮೇಲೆತ್ತುವುದರಲ್ಲಿ, ನಾನು ತೊಂಬತ್ತೇಳೂವರೆ ಕಿಲೋಗೆ ಬಂದು ನಿಂತು ಒಂದೂವರೆ ವರ್ಷವಾಗಿತ್ತು. ಮೊದಲ ವರ್ಷಗಳಲ್ಲಿ ಪ್ರತಿ ವಾರ ಎರಡೂವರೆ ಕಿಲೋ ಸೇರಿಸಿದರೆ ಸಾಕು, ಮೈ ಒಪ್ಪುತ್ತಿತ್ತು. ಆಮೇಲೆ ಒಪ್ಪಲಿಲ್ಲ. ಪ್ರತಿ ಸೋಮವಾರ ನೂರು ಹಾಕುತ್ತಿದ್ದೆ, ಪ್ರತಿ ಸೋಮವಾರ ಅದು ಎದೆಯಿಂದ ನಾಲ್ಕು ಬೆರಳು ಮೇಲೆ ನಿಲ್ಲುತ್ತಿತ್ತು.

ಆ ವರ್ಷವೇ ಮೇಷ್ಟ್ರಿಗೆ ಹೃದಯದ ಆಪರೇಷನ್ ನಿಶ್ಚಯವಾಯಿತು. ಆಮೇಲೆ ಗರಡಿಯ ಕಡೆ ತಲೆ ಹಾಕುವ ಹಾಗಿಲ್ಲ, ಈಗಿನಿಂದಲೇ ಒಂದು ಬಕೆಟ್ ನೀರನ್ನೂ ಎತ್ತಬಾರದು ಎಂದು ಡಾಕ್ಟರು ಹೇಳಿದ್ದರಂತೆ. ಈ ಸುದ್ದಿಯನ್ನು ಅವರು ಪ್ಲೇಟು ಒರೆಸುತ್ತಾ ಹೇಳಿದರು.

“ಇನ್ನಾರು ವಾರ ಅದೆ ಕಣೋ ಸಾರನ್ನ. ನಿನ್ನ ನೂರು ನೋಡ್ಬುಟ್ಟು ಓಯ್ತೀನಿ.”

“ಆಗದಿದ್ರೆ ಸಾರ್?”

“ನೋಡ್ದೆ ಓಯ್ತೀನಿ. ನಿನಗೋಸ್ಕರ ಡಾಕ್ಟ್ರು ಕಾಯ್ತಾರಾ?”

ನಕ್ಕರು. ನಾನು ನಗಲಿಲ್ಲ. ಎಂಟು ವರ್ಷ ನನ್ನ ತಲೆಯ ಹಿಂದೆ ನಿಂತವರು ಅವರು. ಕೇಳಿದ್ದು ಇದೊಂದನ್ನೇ.

ಮರುದಿನ ರಟ್ಟು ಕಿತ್ತುಹೋದ ನೋಟ್‌ಬುಕ್ ತಂದರು. ಹಿಂದೆ ಪಂಜಾಬಿನ ಕ್ಯಾಂಪೊಂದರಲ್ಲಿ ಬರೆದುಕೊಂಡದ್ದಂತೆ. ಸೋಮವಾರಕ್ಕೆ ವೇವ್, ಗುರುವಾರಕ್ಕೆ ಕ್ಲಸ್ಟರ್. ಅವರ ಬಾಯಲ್ಲಿ ಅವು ಅಲೆ ಮತ್ತು ಗೊಂಚಲು.

ಅಲೆಯ ಲೆಕ್ಕ ಹೀಗೆ: ಎಂಬತ್ತು ಕಿಲೋ ಮೂರು ಸಲ, ಎಂಬತ್ತೈದು ಎರಡು ಸಲ, ತೊಂಬತ್ತು ಒಂದೇ ಸಲ. ಒಂದೊಂದಕ್ಕೂ ನಡುವೆ ನಾಲ್ಕು ನಿಮಿಷ ಸುಮ್ಮನೆ ಕೂರಬೇಕು. ಅದು ಒಂದು ಅಲೆ. ಆಮೇಲೆ ಮತ್ತೆ ಕೆಳಗಿಳಿದು, ಎಲ್ಲಕ್ಕೂ ಎರಡೂವರೆ ಕಿಲೋ ಸೇರಿಸಿ ಇನ್ನೊಂದು ಅಲೆ. ಚೆನ್ನಾಗಿ ನಡೆದರೆ ಮೂರನೆಯದು. ಬಾರು ಎಲ್ಲಿ ತಡವರಿಸುತ್ತದೋ ಅಲ್ಲಿಗೆ ಆ ದಿನ ಮುಗಿಯಿತು.

ಮೊದಲ ಸೋಮವಾರ ಎರಡನೆಯ ಅಲೆಯ ಎಂಬತ್ತೆರಡೂವರೆ, ಮೊದಲನೆಯ ಎಂಬತ್ತಕ್ಕಿಂತ ಹಗುರವಾಗಿತ್ತು. ನನಗೆ ಗಾಬರಿಯಾಯಿತು. ಯಾವುದೋ ಪ್ಲೇಟು ಹಾಕಲು ಮರೆತಿದ್ದಾರೆ ಎಂದುಕೊಂಡು, ಎದ್ದು ಎರಡೂ ಕಡೆ ಎಣಿಸಿದೆ. ಸರಿಯಾಗಿಯೇ ಇತ್ತು. ಮತ್ತೊಮ್ಮೆ ಎಣಿಸಿದೆ.

“ತಕ್ಕಡಿ ತರಿಸ್ಲಾ?” ಎಂದ ಬಟ್ಟೆ ಅಂಗಡಿಯ ಗೆಳೆಯ. ಬೆಳಗಿನ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿಯುವವರೆಗೂ ಅವನು ನನ್ನ ಜೊತೆ ಎತ್ತುತ್ತಿದ್ದ.

“ಅಗುರಾದ್ರೂ ಭಯ ಇವ್ನಿಗೆ,” ಎಂದರು ಮೇಷ್ಟ್ರು. “ಈಗ್ತಾನೆ ತೊಂಬತ್ತು ಒತ್ತಿದೀಯ. ಮೈ ಇನ್ನೂ ಅದೇ ಭಾರಕ್ಕೆ ಎಚ್ಚರಾಗಿ ಕೂತದೆ. ಅದಕ್ಕೇ ಇದು ಅಗುರ. ಆ ಎಚ್ಚರ ಆರೋಗೋದ್ರೊಳಗೆ ಕೆಲ್ಸ ಮಾಡ್ಕೋಬೇಕು, ಪ್ಲೇಟ್ ಎಣಿಸ್ತಾ ಕೂರೋದಲ್ಲ.”

ಗೊಂಚಲು ಬೇರೆ ತರಹ. ಎಂಬತ್ತೇಳೂವರೆಯನ್ನು ನಾನು ಒಂದೇ ಉಸಿರಿಗೆ ಮೂರು ಸಲ ಎತ್ತಬಲ್ಲವನಾಗಿದ್ದೆ, ನಾಲ್ಕನೆಯದು ಸಾಯುತ್ತಿತ್ತು. ಗೊಂಚಲಿನಲ್ಲಿ ಒಂದು ಸಲ ಎತ್ತಿ ಬಾರನ್ನು ಸ್ಟ್ಯಾಂಡಿಗಿಡಬೇಕು. ಮೇಷ್ಟ್ರು ಗಡಿಯಾರ ನೋಡಿ ಇಪ್ಪತ್ತು ಎಣಿಸಿದ ಮೇಲೆ ಮತ್ತೆ ಒಂದು. ಹೀಗೆ ಐದು ಆದರೆ ಒಂದು ಗೊಂಚಲು. ಅಂಥವು ನಾಲ್ಕು. ಕೊಸರಾಡಿ ಎತ್ತಿದ್ದು ಲೆಕ್ಕಕ್ಕಿಲ್ಲ. ಎಲ್ಲವೂ ಮೊದಲನೆಯದರಷ್ಟೇ ಚುರುಕಾಗಿರಬೇಕು.

ಮೊದಲ ಗುರುವಾರ ಮೂರನೆಯದಕ್ಕೇ ನನ್ನ ತೋಳು ನಡುಗಿತು. ಮೇಷ್ಟ್ರು ನನ್ನ ಬೆರಳು ನೋಡಿದರು. ಬಾರು ಸ್ಟ್ಯಾಂಡಿನ ಮೇಲಿದ್ದರೂ ನಾನದನ್ನು ಬಿಗಿಯಾಗಿ ಹಿಡಿದೇ ಇದ್ದೆ, ಎಲ್ಲಾದರೂ ಉರುಳೀತೆಂದು.

“ಬುಡೋ ಬಾರ್ನ.”

“ಬಿಟ್ಟಿದೀನಿ ಸಾರ್.”

“ಎಲ್ಲಿ ಬುಟ್ಟಿದೀಯ? ಕಬ್ಬಿಣ ಅದ್ರ ಜಾಗ್ದಲ್ಲಿ ಅದೆ, ನೀನೇ ಅದನ್ನ ಒತ್ಕೊಂಡು ಮಲಗಿದೀಯ. ಕೈ ಒಟ್ಟೆ ಮೇಲಿಡು. ಇಪ್ಪತ್ತು ಎಣಿಸೋಗಂಟ ಅದು ನಂದು. ಆಮೇಲೆ ನಿಂದು.”

ಕೈ ಹೊಟ್ಟೆಯ ಮೇಲಿಟ್ಟೆ. ಅವರು ಎಣಿಸಿದರು. ಆ ಇಪ್ಪತ್ತು ಸೆಕೆಂಡು ಯಾವುದಕ್ಕೂ ನಾನು ಜವಾಬ್ದಾರನಲ್ಲ ಎನ್ನಿಸಿತು. ಮದುವೆಯಾದ ಮೇಲೆ, ಬಹುಶಃ ಹುಟ್ಟಿದ ಮೇಲೇ, ಅಂಥ ಇಪ್ಪತ್ತು ಸೆಕೆಂಡು ನನಗೆ ಸಿಕ್ಕಿದ್ದು ಅದೇ ಮೊದಲು. ಐದನೆಯದೂ ಮೇಲೆ ಹೋಯಿತು.

ವಾರಗಳು ಕಳೆದವು. ಮೂರನೆಯ ಸೋಮವಾರ ಮೂರನೆಯ ಅಲೆಯ ತುದಿಯಲ್ಲಿ ತೊಂಬತ್ತೈದು ತಡವರಿಸದೆ ಎದ್ದಿತು. ಗೊಂಚಲು ತೊಂಬತ್ತಕ್ಕೇರಿತು. ಮೇಷ್ಟ್ರು ಮಾತ್ರ ಇಳಿಯುತ್ತಿದ್ದರು. ಗರಡಿಯ ಎರಡು ಮೆಟ್ಟಿಲು ಹತ್ತಿ ಬಾಗಿಲ ಚೌಕಟ್ಟು ಹಿಡಿದು ನಿಲ್ಲುವರು. ನಾವು ನೋಡಿದರೆ ಚಪ್ಪಲಿ ಬಿಡುವ ನೆಪ ಮಾಡುವರು. ಎಣಿಕೆಯ ನಡುವೆ ಉಸಿರು ಸಾಲದೆ ಹನ್ನೆರಡು, ಹದಿಮೂರು ನುಂಗಿಹೋಗುತ್ತಿದ್ದವು.

ಆರನೆಯ ವಾರ ಹಗುರವಾಗಿ ಎತ್ತಿ ಮೈಗೆ ಬಿಡುವು ಕೊಟ್ಟೆವು. ಭಾನುವಾರ ಬೆಳಿಗ್ಗೆ ಪರೀಕ್ಷೆ. ಮಂಗಳವಾರ ಅವರು ಆಸ್ಪತ್ರೆ ಸೇರುವುದಿತ್ತು.

ಬಾರಿನ ಒಂದು ತುದಿಗೆ ಬಟ್ಟೆ ಅಂಗಡಿಯ ಗೆಳೆಯ, ಇನ್ನೊಂದಕ್ಕೆ ಅವನ ಅಣ್ಣ. ಮೇಷ್ಟ್ರು ಕೈ ಹಿಂದೆ ಕಟ್ಟಿಕೊಂಡೇ ತಲೆಯ ಬಳಿ ನಿಲ್ಲಬೇಕೆಂದು ನಾನೇ ಆಣೆ ಹಾಕಿಸಿದ್ದೆ. ಅರವತ್ತು, ಎಂಬತ್ತು, ತೊಂಬತ್ತು ಒಂದೊಂದೇ ಸಲ ಎತ್ತಿ ಮೈ ಬಿಸಿ ಮಾಡಿಕೊಂಡೆ. ನೂರು ಹಾಕಿದರು. ಪ್ಲೇಟು ಎಣಿಸದೆ ಮಲಗಿದೆ. ಕೈ ಹೊಟ್ಟೆಯ ಮೇಲಿಟ್ಟೆ. ಮೇಷ್ಟ್ರು ಮೆಲ್ಲಗೆ ಇಪ್ಪತ್ತರವರೆಗೆ ಎಣಿಸಿದರು.

“ಈಗ ನಿಂದು.”

ಬಾರು ಎದೆಗಿಳಿಯಿತು. ಮೇಲೆ ಹೊರಟಿತು. ನಾಲ್ಕು ಬೆರಳಿನ ಆ ಜಾಗ ಬಂತು; ಬಾರು ನಿಧಾನಿಸಿತು, ನಿಲ್ಲಲಿಲ್ಲ. ಬಲಭುಜ ಲಟಕ್ಕೆಂದಿತು. ಬೆಂಚು ನಿಂತಿತು, ಕ್ಲಿಪ್ಪು ನಿಂತಿತು, ಸೀನು ಬರಲಿಲ್ಲ. ತೋಳು ನೆಟ್ಟಗಾಯಿತು. ಆಗ, ಮಲಗಿದವನಿಗೆ ತಲೆಕೆಳಗಾಗಿ ಕಾಣುತ್ತಿದ್ದ ಮೇಷ್ಟ್ರ ಮುಖವನ್ನು ನೋಡಿದೆ.

ಬಾರು ಸ್ಟ್ಯಾಂಡಿಗೆ ತಗುಲಿ ಸದ್ದಾಯಿತು. ಗೆಳೆಯ ಕೂಗಿಕೊಂಡ. ಮೇಷ್ಟ್ರು ನನ್ನ ಹಣೆಯ ಮೇಲೆ ಅಂಗೈ ಇಟ್ಟರು. ಅದು ನನ್ನ ಹಣೆಗಿಂತ ಹೆಚ್ಚು ಬೆವತಿತ್ತು.

ಆಪರೇಷನ್ ಚೆನ್ನಾಗಿಯೇ ಆಯಿತು. ಗರಡಿಗೆ ಮತ್ತೆ ಬರಲಿಲ್ಲವಾದರೂ ಮನೆಯ ಜಗಲಿಯಲ್ಲಿ ಕೂತು ಬಂದವರಿಗೆಲ್ಲ ವರ್ಷಗಟ್ಟಲೆ ನನ್ನ ನೂರರ ಕಥೆ ಹೇಳಿದರು. “ಎಡಗೈ ಒಸಿ ಮುಂದಾಯ್ತು ಕಣ್ರೀ, ಬಲಗೈ ಆಮೇಲೆ ಬಂತು. ಕಣ್ಣಾರೆ ಕಂಡಿದೀನಿ.” ಮುಂದಾದದ್ದು ಬಲಗೈ. ನಾನು ಹ್ಞೂಂ ಸಾರ್ ಎನ್ನುತ್ತಿದ್ದೆ.

ನನ್ನ ಪಟ್ಟಿಯ ಹದಿನೇಳರಲ್ಲಿ ಒಂದೂ ಆಗಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದೊಂದು ಆಯಿತು: ಬಾರು ನನ್ನ ಎದೆಯಿಂದ ಎದ್ದಾಗ ಮೇಷ್ಟ್ರು ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು.