ಗೊಂಚಲಿನಲ್ಲಿ ಇಲ್ಲದ ಕೀಲಿ

ನನ್ನ ಹಾರ್ಡ್‌ವೇರ್ ಅಂಗಡಿಯ ಪಕ್ಕ ಕೂರುವ ಕೀಲಿ ಮಾಮ, ಕೀಲಿ ತೋರಿಸಿದರೆ ಸಾಕು, ಬೀಗದ ಕುಲಗೋತ್ರ ಹೇಳುತ್ತಾನೆ. ತನ್ನ ಕನ್ನಡಕ ಎಲ್ಲಿದೆ ಎಂಬುದನ್ನು ಮಾತ್ರ ನನ್ನನ್ನೇ ಕೇಳುತ್ತಾನೆ.

ಹಿಂದಿನ ಬೀದಿಯ ಹೆಂಗಸು ಬರಿಗಾಲಲ್ಲಿ ಓಡಿಬಂದು, ನಾಲ್ಕು ಕೀಲಿಗಳ ಗೊಂಚಲು ಚಾಚಿದಳು. ಗಾಳಿಗೆ ಮನೆಯ ಬಾಗಿಲು ಬಡಿದು ತಾನಾಗಿ ಲಾಕ್ ಆಗಿತ್ತು. ಒಳಗೆ ಎರಡು ವರ್ಷದ ಮಗು, ಉರಿಯುವ ಒಲೆ.

"ಇಟ್ಕೊಂಡಿರಿ ಅಂತ ಪಕ್ಕದ ಮನೇಲಿ ಕೊಟ್ಟಿದ್ದ ಗೊಂಚಲು ಮಾಮ. ಯಾವುದೂ ತೆರೀತಿಲ್ಲ."

"ಬಾಗಿಲ ಮೇಲೆ ಹಿತ್ತಾಳೆ ಬಿಲ್ಲೆ, ಅದರಲ್ಲಿ ಅಂಕುಡೊಂಕು ಸೀಳು, ಅಲ್ವಾ?"

"ಹೂಂ."

"ಹಾಗಾದ್ರೆ ಸಿಲಿಂಡರ್ ಲಾಕು." ಕೊಳವೆಯಂಥ ಟೊಳ್ಳು ಕೀಲಿಯನ್ನು ಅವನು ಪಕ್ಕಕ್ಕೆ ಸರಿಸಿದ. "ಇದು ಗಲ್ಲಾಪೆಟ್ಟಿಗೇದು." ಗುಂಡು ಕಡ್ಡಿಯ ತುದಿಗೆ ಬಾವುಟದಂಥ ಹಲ್ಲಿದ್ದದ್ದೂ ಸರಿಯಿತು. "ಇದು ಮರದೊಳಗೆ ಕೂರಿಸೋ ಮಾರ್ಟಿಸ್ ಬೀಗದ್ದು." ಚಪ್ಪಟೆಯವು ಎರಡು ಉಳಿದವು. ಬೀಗದ ಸೀಳಿಗೆ ಕೂರಲೆಂದು ಅವುಗಳ ಉದ್ದಕ್ಕೂ ಕೊರೆದಿದ್ದ ಗೀರುಗಳನ್ನು ಉಗುರಿನಿಂದ ಸವರಿದ.

"ಇದು ಒಳಗೇ ಹೋಗ್ಲಿಲ್ಲ. ಇದು ಪೂರ್ತಿ ಹೋಯ್ತು, ತಿರುಗ್ಲಿಲ್ಲ. ಸರಿಯಾ?"

"ಹೌದು ಮಾಮ."

"ಈ ಎರಡನೇದರ ಗೀರು ನಿಮ್ಮ ಬೀಗದ ಜಾತಿದೇ ಮಗಳೇ, ಹಲ್ಲು ಬೇರೆ ಯಾರದೋ ಮನೇದು. ನಿಮ್ಮ ಕೀಲಿ ಇದರಲ್ಲಿಲ್ಲ."

ಮಾಮ ನನ್ನ ಅಂಗಡಿಗೆ ನುಗ್ಗಿ, ಕೇಳದೆಯೇ ದೊಡ್ಡ ಸುತ್ತಿಗೆ ಎತ್ತಿಕೊಂಡು ಅವಳ ಮನೆಗೆ ಓಡಿದ.

ಮೂರನೇ ಏಟಿಗೆ ಬಾಗಿಲು ಸೀಳಿತು. ಹೊಗೆಯೊಳಗೆ ಮಗು ಕೆಮ್ಮಿತು.