ಕೈಗೆಷ್ಟು ಗುಮಾಸ್ತರು

ಮುದ್ರಣಾಲಯದ ಸಂಬಳ ಗುಮಾಸ್ತರಿಗೆ ಅಲ್ಲಿಯವರು ಇಟ್ಟ ಹೆಸರು 'ಕೈಗೆಷ್ಟು'. ಸಾಲಕ್ಕಾಗಿ ಸಂಬಳದ ದೃಢೀಕರಣ ಪತ್ರ ಕೇಳಿಕೊಂಡು ಯಾರೇ ಬಂದರೂ ಗುಮಾಸ್ತರ ಮೊದಲ ಪ್ರಶ್ನೆ ಅದೇ. ಚೀಟಿಯ ತಲೆಯಲ್ಲಿರುವ ದೊಡ್ಡ ಅಂಕಿ ಅವರಿಗೆ ಬೇಡ. ಕಡಿತಗಳೆಲ್ಲ ಕಳೆದು ಮನೆಗೆ ಹೋಗುವುದೆಷ್ಟು ಎಂಬುದೇ ಬೇಕು. ನಿವೃತ್ತಿಯ ನಂತರ ಕರಡು ತಿದ್ದಲು ನಾನು ಅಲ್ಲಿಗೆ ಹೋಗುತ್ತಿದ್ದೆ. ನನ್ನ ಮೇಜು ಅವರ ಮೇಜಿನ ಪಕ್ಕದಲ್ಲೇ ಇತ್ತು. ಮೃದು ಮಾತಿನ ಆ ಮನುಷ್ಯ ಸಿಟ್ಟಾದದ್ದನ್ನು ನಾನು ಕಂಡಿದ್ದು ಒಂದೇ ಸಲ. ಆ ಪ್ರಸಂಗ ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ಅಂದು ದೊಡ್ಡ ಯಂತ್ರ ನಡೆಸುವವನು ಹೆಂಡತಿಯೊಡನೆ ಬಂದ. ಜೊತೆಗೆ ಇಸ್ತ್ರಿ ಅಂಗಿಯ ಸಾಲದ ಏಜೆಂಟನೂ ಇದ್ದ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಹಾಸಿಗೆ ಹಿಡಿದ ಅವನ ತಾಯಿ, ಹೀಗೆ ಐವರು ಎರಡು ಕೋಣೆಗಳಲ್ಲಿ ಬದುಕುತ್ತಿದ್ದರು. ದುಡಿಯುವವನು ಅವನೊಬ್ಬನೇ. ತಮ್ಮ ಮನೆಯ ಮೇಲೆ ಪೂರಾ ಒಂದು ಅಂತಸ್ತು ಕಟ್ಟಿಸಬೇಕೆಂಬುದು ಅವನ ಆಸೆ.

"ಕೈಗೆಷ್ಟು?" ಎಂದರು ಗುಮಾಸ್ತರು.

"ನಲವತ್ನಾಲ್ಕು ಸಾವಿರ ಸಾರ್!" ಎಂದು ಏಜೆಂಟನೇ ಬಾಯಿ ಹಾಕಿದ. "ಅರ್ಧದವರೆಗೂ ಕಂತು ಕಟ್ಬಹುದು. ಗಾಡಿ ಸಾಲದ್ದು ಮೂರು ಸಾವಿರ ಇದೆ, ಇದು ಹತ್ತೊಂಬತ್ತು. ಒಟ್ಟು ಇಪ್ಪತ್ತೆರಡು. ಅರ್ಹತೆ ಇದೆ, ಬಿಡಬೇಡಿ ಅಂದೆ."

"ನಿಮ್ಮನ್ನ ಕೇಳ್ಲಿಲ್ಲ," ಎಂದರು ಗುಮಾಸ್ತರು. ಮತ್ತೆ ಯಂತ್ರದವನ ಕಡೆ ತಿರುಗಿ, "ನಲವತ್ನಾಲ್ಕು ಬರೋದು ಪಠ್ಯಪುಸ್ತಕ ಅಚ್ಚಾಗೋ ಮೂರು ತಿಂಗಳು. ಉಳಿದ ಒಂಬತ್ತು ತಿಂಗಳು ಎಷ್ಟಪ್ಪಾ?"

ಅವನು ತಲೆ ತಗ್ಗಿಸಿದ. "ಮೂವತ್ತು."

"ಓವರ್‌ಟೈಮ್ ಸೇರಿಸಿ ಖಾಯಂ ಸಂಬಳ ಅಂತ ಒಂದೇ ಸಾಲು ಬರೆದುಕೊಡಿ ಸಾರ್," ಎಂದ ಏಜೆಂಟ. "ಒಂದು ಸಾಲಿನಿಂದ ನಿಮ್ಮ ಗಂಟೇನು ಹೋಗುತ್ತೆ?"

ಗುಮಾಸ್ತರ ಮುಖ ಕೆಂಪಾಯಿತು. "ನನ್ನ ಗಂಟು ಹೋಗಲ್ಲ. ಇವನ ಮನೆ ಹೋಗುತ್ತೆ! ಮೂವತ್ತರಲ್ಲಿ ಇಪ್ಪತ್ತೆರಡು ಕಂತಿಗೆ ಹೋದ್ರೆ ಎಂಟು ಸಾವಿರದಲ್ಲಿ ಐದು ಹೊಟ್ಟೆ ತುಂಬಿಸೋಕೆ ನೀನು ಬರ್ತೀಯಾ?"

"ಅಣ್ಣಾ, ನನ್ನ ಬಾಳಿಗೆ ಯಾಕಣ್ಣ ಅಡ್ಡಗಾಲು ಹಾಕ್ತೀರಿ?" ಎಂದ ಯಂತ್ರದವನು. "ಅಮ್ಮನ ಮಂಚದ ಪಕ್ಕದಲ್ಲೇ ಮಕ್ಕಳು ಓದ್ಬೇಕು. ಅದು ನಿಮಗೆ ಗೊತ್ತಾ?"

ಗುಮಾಸ್ತರು ತಣ್ಣಗಾದರು. ಹಳೆಯ ಕರಡು ಹಾಳೆಯೊಂದನ್ನು ಎಳೆದು ಹಿಂಬದಿಗೆ ತಿರುಗಿಸಿ ಹೆಂಡತಿಯನ್ನು ಕೇಳಿದರು: "ತಾಯಿ, ಮನೆ ಖರ್ಚು ತಿಂಗಳಿಗೆ ಎಷ್ಟು?"

"ಅತ್ತೆ ಔಷಧಿ, ಮಕ್ಕಳ ಫೀಸು ಎಲ್ಲಾ ಸೇರಿ ಹದಿನೆಂಟು. ಎಷ್ಟು ಹಿಡಿದು ಮಾಡಿದ್ರೂ ಅಷ್ಟು ಆಗೇ ಆಗುತ್ತೆ."

"ಇಬ್ಬರು ದುಡಿಯೋ ಮನೇಲಿ ಒಬ್ಬರು ಮಲಗಿದ್ರೆ ಇನ್ನೊಬ್ಬರ ಸಂಬಳ ಇರುತ್ತೆ. ನಿಮ್ಮಲ್ಲಿ ಇರೋದು ಒಂದೇ ಕೈ. ಅದಕ್ಕೆ ಬರಗಾಲದ ತಿಂಗಳ ಸಂಬಳ ಹಿಡಿದೇ ಲೆಕ್ಕ ಹಾಕಬೇಕು. ಎಲ್ಲ ಸಾಲದ ಕಂತೂ ಸೇರಿ ನೂರಕ್ಕೆ ಮೂವತ್ತು ದಾಟಬಾರದು. ಮೂವತ್ತು ಸಾವಿರಕ್ಕೆ ಒಂಬತ್ತು. ಗಾಡಿಯ ಮೂರು ಕಳೀರಿ, ಹೊಸದಕ್ಕೆ ಆರು. ಖರ್ಚು ಹದಿನೆಂಟು ಹೋಗಿ ಕೈಯಲ್ಲಿ ಮೂರು ಉಳಿಯುತ್ತೆ. ಓವರ್‌ಟೈಮ್ ದುಡ್ಡು ಮುಟ್ಟಬೇಡಿ, ಎತ್ತಿಡಿ. ಕೆಲಸ ನಿಂತ್ರೆ ನಾಲ್ಕು ತಿಂಗಳ ಕಂತಾದ್ರೂ ಅದರಲ್ಲಿ ಕಟ್ಟೋಕಾಗಬೇಕು," ಎಂದು ಗುಮಾಸ್ತರು ಲೆಕ್ಕವನ್ನೆಲ್ಲ ಆ ಹಾಳೆಯ ಮೇಲೆ ಬರೆದು ತೋರಿಸಿದರು.

"ಆರು ಸಾವಿರದ ಕಂತಿಗೆ ಒಂದು ಕೋಣೆ ಏಳಬಹುದು, ಅಷ್ಟೇ," ಎಂದು ಏಜೆಂಟ್ ನಕ್ಕ. ಸಾಲ ದೊಡ್ಡದಾದಷ್ಟೂ ಅವನ ಕಮಿಷನ್ ದೊಡ್ಡದು. ಅದನ್ನು ಅವನು ಆ ದಂಪತಿಗೆ ಹೇಳಿರಲಿಲ್ಲ.

ಹೆಂಡತಿ ಅವನನ್ನೇ ದಿಟ್ಟಿಸಿದಳು. "ಓವರ್‌ಟೈಮ್ ಇಲ್ಲದ ತಿಂಗಳು ನೀವು ಕಂತು ಕಮ್ಮಿ ಮಾಡ್ತೀರಾ?"

"ಹಾಗೆಲ್ಲಾ ಆಗುತ್ತಾ ಅಕ್ಕಾ? ಅದು ನಿಮ್ಮ ಜವಾಬ್ದಾರಿ."

"ಮತ್ತೆ ದಾರಿಯುದ್ದಕ್ಕೂ 'ನಾನಿದ್ದೀನಿ, ನಾನಿದ್ದೀನಿ' ಅಂತಿದ್ದಿರಲ್ಲ, ಇರೋದು ಎಲ್ಲಿವರೆಗೆ? ಸಹಿ ಹಾಕೋವರೆಗಾ?" ಅವಳು ಗಂಡನ ಕಡೆ ತಿರುಗಿದಳು. "ರೀ, ಒಂದು ಕೋಣೆ ಸಾಕು. ಹೆಚ್ಚಿಗೆ ಬರೆದ ಕಾಗದಕ್ಕೆ ನಾನು ರುಜು ಹಾಕಲ್ಲ."

ಯಂತ್ರದವನು ಆ ಹಾಳೆಯ ಲೆಕ್ಕವನ್ನು ಇನ್ನೊಮ್ಮೆ ಕೂಡಿ ನೋಡಿದ. ಕೊನೆಗೆ, "ಇದ್ದದ್ದನ್ನೇ ಬರೀರಣ್ಣ," ಎಂದ. ಗುಮಾಸ್ತರು ಮೂಲ ಸಂಬಳ, ಕಡಿತ, ಕೈಗೆ ಸಿಗುವ ಮೊತ್ತ ಇವನ್ನೆಲ್ಲ ಬೇರೆ ಬೇರೆಯಾಗಿ ಬರೆದು, ಓವರ್‌ಟೈಮಿನ ಮುಂದೆ 'ವರ್ಷದಲ್ಲಿ ಮೂರು ತಿಂಗಳು ಮಾತ್ರ' ಎಂದು ಸೇರಿಸಿ ಮೊಹರು ಒತ್ತಿದರು.

ಏಜೆಂಟ್ ಮುಖ ಗಂಟಿಕ್ಕಿಕೊಂಡು ಎದ್ದ. ದೊಡ್ಡ ಸಾಲದ ಅರ್ಜಿಗೆಂದು ದಂಪತಿಯಿಂದ ಮೊದಲೇ ತೆಗೆದುಕೊಂಡಿದ್ದ ಐದು ಸಾವಿರವನ್ನು ಅವರು ಕೇಳಿದರೆ, "ಶುಲ್ಕ ವಾಪಸ್ ಬರಲ್ಲ," ಎಂದ. ಗುಮಾಸ್ತರು ಮೂರು ಸಲ ಅವನ ಕಚೇರಿಗೆ ಅಲೆದರು. ಒಂದು ಸಲ ನಾನೂ ಹೋಗಿದ್ದೆ. ಸರಿಯಾದ ರಸೀದಿ ಇಲ್ಲ ಎಂದು ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿ ಕಳುಹಿಸಿದರು. ಹದಿನಾಲ್ಕು ಸಾವಿರ ಹೆಚ್ಚಿಗೆ ಬರುವುದು ಮೂರೇ ತಿಂಗಳೆಂದು ತಿಳಿದೂ ತಿಳಿದೂ ಅದನ್ನು ಹನ್ನೆರಡು ತಿಂಗಳ ನೊಗಕ್ಕೆ ಕಟ್ಟುವವನು ಬುದ್ಧಿವಂತ. ಅದನ್ನು ತಡೆದವರು ಅಡ್ಡಗಾಲು! ಇದ್ಯಾವ ನ್ಯಾಯ?

ಮನೆಯ ಮೇಲೆ ಒಂದೇ ಕೋಣೆ ಎದ್ದಿತು. ಮಕ್ಕಳು ಅಲ್ಲಿ ಓದುತ್ತಾರೆ. ಕಂತು ಆರು ಸಾವಿರ, ತಪ್ಪಿಲ್ಲ. ಹೋದ ಐದು ಸಾವಿರ ಮಾತ್ರ ಇನ್ನೂ ಬಂದಿಲ್ಲ.